ಅಪ್ಡೇಟ್ ಆದ್ಮೇಲೆ ವಾಚ್ ಬ್ಯಾಟರಿ ಅರ್ಧಕ್ಕೆ ಇಳಿದಿದ್ಯಾ? ಕಾರಣಾನ ರಾತ್ರಿ ಹೊತ್ತು ಹುಡುಕಿ

ಅಕ್ಕನ ಸ್ಮಾರ್ಟ್‌ವಾಚು ಒಂದ್ಸಲ ಫುಲ್ ಚಾರ್ಜ್ ಮಾಡಿದ್ರೆ ಹತ್ರಹತ್ರ 40 ಗಂಟೆ ಬರ್ತಿತ್ತು, ಅಂದ್ರೆ ಬೆಳಿಗ್ಗೆ 7ಕ್ಕೆ ಚಾರ್ಜರಿಂದ ತೆಗೆದು ಕಟ್ಕೊಂಡ್ರೆ ಮಾರನೇ ದಿನ ರಾತ್ರಿ ಮಲಗೋವರೆಗೂ ಅದರ ಯೋಚನೆನೇ ಇರ್ಲಿಲ್ಲ. ಒಂದು ದೊಡ್ಡ ಸಾಫ್ಟ್‌ವೇರ್ ಅಪ್ಡೇಟ್ ಹಾಕಿದ್ಲು, ಅಲ್ಲಿಂದ 18 ಗಂಟೆಗೇ ಖಾಲಿ. ರಾತ್ರಿ ಒಂದು ಗಂಟೆ ಹೊತ್ತಿಗೆ ಆಫ್ ಆಗಿ ಬೆಳಿಗ್ಗೆ ಅಲಾರ್ಮ್ ಹೊಡೀದೇ ಇದ್ದಾಗ ನನಗೆ ಫೋನ್ ಮಾಡಿ "ಬ್ಯಾಟರಿ ಹಾಳಾಗಿದೆ ಕಣೋ, ಹೊಸ ವಾಚೇ ತಗೋಬೇಕೇನೋ" ಅಂದ್ಲು. ನಾನು ಒಂದು ವಾರ ಟೈಮ್ ಕೊಡು ಅಂತ ಕೇಳ್ಕೊಂಡೆ. ಆ ವಾರದಲ್ಲಿ ಏನು ಮಾಡಿದ್ವಿ, ಯಾವ ನಂಬರ್ ಬಂತು, ಅದರಿಂದ ಏನು ಗೊತ್ತಾಯ್ತು ಅನ್ನೋದನ್ನ ಪೂರ್ತಿ ಬರೀತೀನಿ, ಯಾಕಂದ್ರೆ ಇದೇ ದಾರೀಲಿ ಯಾವ ಕಂಪನಿ ವಾಚ್ ಆದ್ರೂ ನೀವೇ ಚೆಕ್ ಮಾಡ್ಕೋಬಹುದು.

ಮೊದಲು ಒಂದು ಲೆಕ್ಕ ತಲೇಲಿ ಕೂತ್ಕೋಬೇಕು, ಅದು ಕೂತ್ರೆ ಮಿಕ್ಕಿದ್ದೆಲ್ಲ ಸಲೀಸು. ಫೋನಲ್ಲಿ 5000 ಎಂಎಎಚ್ ಆಸುಪಾಸಿನ ಬ್ಯಾಟರಿ ಇರುತ್ತೆ, ವಾಚಲ್ಲಿ ಸಾಮಾನ್ಯವಾಗಿ 300ರ ಆಚೀಚೆ ಅಷ್ಟೇ. ಅಕ್ಕನ ವಾಚಲ್ಲೂ ಸುಮಾರು 300. 300 ಎಂಎಎಚ್ ಬ್ಯಾಟರಿ 40 ಗಂಟೆ ಬರ್ಬೇಕು ಅಂದ್ರೆ ಸರಾಸರಿ 7.5 ಮಿಲಿಆಂಪ್ ಮಾತ್ರ ಖರ್ಚಾಗ್ಬೇಕು. 18 ಗಂಟೆಗೇ ಮುಗೀತಿದೆ ಅಂದ್ರೆ 16 ಚಿಲ್ಲರೆ ಮಿಲಿಆಂಪ್ ಖರ್ಚಾಗ್ತಿದೆ ಅಂತ. ಅಂದ್ರೆ ಹೆಚ್ಚಾಗಿರೋದು ಬರೀ 9 ಮಿಲಿಆಂಪ್. ಫೋನಲ್ಲಿ ಇಷ್ಟು ಹೆಚ್ಚಾದ್ರೆ ಯಾರಿಗೂ ಗೊತ್ತೇ ಆಗಲ್ಲ, ಆದ್ರೆ ವಾಚಲ್ಲಿ ಇಷ್ಟಕ್ಕೇ ಆಯಸ್ಸು ಅರ್ಧ ಆಗೋಗುತ್ತೆ. ಹಾಗಾಗಿ ದೊಡ್ಡದೇನೋ ಕೆಟ್ಟೋಗಿದೆ ಅಂತ ಹೆದರೋ ಬದಲು, ಯಾವ ಒಂದೆರಡು ಚಿಕ್ಕ ವಿಷಯ ಸದ್ದಿಲ್ಲದೆ ಆನ್ ಆಗಿ ಕೂತಿದೆ ಅಂತ ಹುಡುಕ್ಬೇಕು.

ಬ್ಯಾಟರಿ ಹಳೇದಾಗೋದು ನಿಜಾನೇ, ಲಿಥಿಯಂ ಬ್ಯಾಟರಿ ದಿನಾ ಚಾರ್ಜ್ ಆಗ್ತಾ ಆಗ್ತಾ ಎರಡು ಮೂರು ವರ್ಷದಲ್ಲಿ ಗೊತ್ತಾಗೋ ಅಷ್ಟು ಸವೆಯುತ್ತೆ. ಆದ್ರೆ ಅದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪಾನೇ ಆಗೋ ಸವೆತ. ಭಾನುವಾರ ಚೆನ್ನಾಗಿದ್ದಿದ್ದು ಸೋಮವಾರ ಅರ್ಧ ಆಗಿದ್ರೆ ಅದು ಸವೆತ ಅಲ್ಲ, ಖರ್ಚು ಜಾಸ್ತಿ ಆಗಿದೆ ಅಂತಾನೇ ಅರ್ಥ. ಮೊದಲೇ ಸವೆದಿದ್ದ ಬ್ಯಾಟರಿ ಮೇಲೆ ಹೊಸ ಖರ್ಚೂ ಬಿದ್ರೆ ಎರಡೂ ಸೇರ್ಕೊಂಡು ಕಾಣ್ಸುತ್ತೆ, ಅದನ್ನ ಬೇರೆ ಮಾಡೋದು ಹೇಗೆ ಅಂತ ಮುಂದೆ ಹೇಳ್ತೀನಿ.

ಅಪ್ಡೇಟ್ ಆದ ಮೊದಲ ಎರಡು ಮೂರು ದಿನ ಏನೂ ಮಾಡ್ಬೇಡಿ, ಒಂದ್ಸಲ ರೀಸ್ಟಾರ್ಟ್ ಮಾತ್ರ ಮಾಡಿ. ಹೊಸ ಸಿಸ್ಟಮ್ ಬಂದ್ಮೇಲೆ ವಾಚ್ ಒಳಗೆ ತುಂಬಾ ಕೆಲಸ ಬಾಕಿ ಇರುತ್ತೆ: ಇರೋ ಆಪ್‌ಗಳನ್ನೆಲ್ಲ ಹೊಸ ಸಿಸ್ಟಮ್‌ಗೆ ಹೊಂದೋ ಹಾಗೆ ಮತ್ತೆ ಕಂಪೈಲ್ ಮಾಡ್ಕೊಳ್ಳುತ್ತೆ, ಆಪ್‌ಗಳು ಒಂದೊಂದಾಗಿ ತಾವೂ ಅಪ್ಡೇಟ್ ಆಗ್ತಾವೆ, ಫೋಟೋ, ಹಾಡು, ಹೆಲ್ತ್ ಡೇಟಾ ಎಲ್ಲ ಫೋನ್ ಜೊತೆ ಮತ್ತೆ ಸಿಂಕ್ ಆಗುತ್ತೆ. ಇದು ನಡೀತಿದ್ಯಾ ಅಂತ ಕೈಯಿಂದಾನೇ ಗೊತ್ತಾಗುತ್ತೆ, ವಾಚ್ ಬಿಚ್ಚಿ ಟೇಬಲ್ ಮೇಲೆ ಅರ್ಧ ಗಂಟೆ ಸುಮ್ನೆ ಇಟ್ಟು ಆಮೇಲೆ ಹಿಂಭಾಗ ಮುಟ್ಟಿ ನೋಡಿ, ಯಾರೂ ಬಳಸ್ತಿಲ್ಲ, ಚಾರ್ಜಿಗೂ ಹಾಕಿಲ್ಲ, ಆದ್ರೂ ಬೆಚ್ಚಗಿದೆ ಅಂದ್ರೆ ಒಳಗೆ ಪ್ರೊಸೆಸರ್ ಎದ್ದಿದೆ ಅಂತ. ಈ ಥರದ ಖರ್ಚು ದಿನದಿಂದ ದಿನಕ್ಕೆ ಕಮ್ಮಿ ಆಗ್ತಾ ಬರುತ್ತೆ. ಮೊದಲನೇ ದಿನ ಗಂಟೆಗೆ 7 ಪರ್ಸೆಂಟ್, ಎರಡನೇ ದಿನ 5, ಮೂರನೇ ದಿನ 3 ಅಂತ ಇಳೀತಿದ್ರೆ ಬಿಟ್ಬಿಡಿ, ತಾನೇ ಸರಿಹೋಗುತ್ತೆ. ಅಕ್ಕನ ವಾಚಲ್ಲಿ ನಾಲ್ಕನೇ ದಿನಾನೂ ಗಂಟೆಗೆ 5.5 ಪರ್ಸೆಂಟ್‌ನಲ್ಲೇ ನಿಂತಿತ್ತು, ಅಲ್ಲಿಗೆ ಇದು ಸೆಟ್ಟಿಂಗ್ ಅಥವಾ ಸೆನ್ಸರ್ ಕಥೆ ಅಂತ ಅನುಮಾನ ಬಂತು.

ಇನ್ನು ಅಳೆಯೋ ವಿಧಾನ. ಹಗಲು ಹೊತ್ತು ಅಳೆಯೋಕೆ ಹೋದ್ರೆ ಏನೂ ತಿಳಿಯಲ್ಲ, ಒಂದಿನ ಜಾಸ್ತಿ ನಡೀತೀವಿ, ಒಂದಿನ ನೋಟಿಫಿಕೇಶನ್ ಜಾಸ್ತಿ ಬರುತ್ತೆ, ಒಂದಿನ ಹತ್ತು ಸಲ ಜಾಸ್ತಿ ಟೈಮ್ ನೋಡ್ತೀವಿ, ಎಲ್ಲ ಕಲಸಿಹೋಗುತ್ತೆ. ರಾತ್ರಿ ಮಾತ್ರ ದಿನಾ ಒಂದೇ ಥರ ಇರುತ್ತೆ. ಅದಕ್ಕೆ ದಿನಾ ರಾತ್ರಿ 11ಕ್ಕೆ ವಾಚ್ 80 ಪರ್ಸೆಂಟ್ ಇರೋ ಹಾಗೆ ನೋಡ್ಕೊಂಡು, ಬೆಳಿಗ್ಗೆ 7ಕ್ಕೆ ಎಷ್ಟಿದೆ ಅಂತ ಬರ್ಕೊಂಡು, ಒಂದು ರಾತ್ರಿಗೆ ಒಂದೇ ಬದಲಾವಣೆ ಮಾಡೋದು ಅಂತ ಇಟ್ಕೊಂಡ್ವಿ. 100ರಿಂದ ಶುರು ಮಾಡ್ಬೇಡಿ, ಸುಮಾರು ವಾಚ್‌ಗಳು ಚಾರ್ಜರಿಂದ ತೆಗೆದ ಮೇಲೂ ಸ್ವಲ್ಪ ಹೊತ್ತು 100 ಅಂತಾನೇ ತೋರಿಸ್ತಿರ್ತಾವೆ, ಲೆಕ್ಕ ತಪ್ಪುತ್ತೆ. ಒಂದೆರಡು ಪರ್ಸೆಂಟ್ ಆಚೀಚೆ ಬಂದ್ರೆ ತಲೆ ಕೆಡಿಸ್ಕೊಳ್ಬೇಡಿ, ನಾವು ಹುಡುಕ್ತಿರೋದು 10 ಪರ್ಸೆಂಟಿನ ಕಳ್ಳನ್ನ.

ಮೊದಲನೇ ರಾತ್ರಿ ಏನೂ ಬದಲಾಯಿಸ್ಲಿಲ್ಲ, ಅಪ್ಡೇಟ್ ಆದ್ಮೇಲೆ ಹೇಗಿತ್ತೋ ಹಾಗೇ ಕಟ್ಕೊಂಡು ಮಲಗು ಅಂದೆ. 80 ಇದ್ದಿದ್ದು ಬೆಳಿಗ್ಗೆ 42. ಮಲಗಿದ್ದಾಗಲೇ 38 ಪರ್ಸೆಂಟ್ ಹೋಗಿತ್ತು.

ಎರಡನೇ ರಾತ್ರಿ ವಾಚ್ ಬಿಚ್ಚಿ ಏರೋಪ್ಲೇನ್ ಮೋಡ್ ಹಾಕಿ ಟೇಬಲ್ ಮೇಲೆ ಇಟ್ವಿ. ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಮುಖ್ಯವಾದ ರಾತ್ರಿ ಇದೇ. ಕೈಯಲ್ಲಿಲ್ಲ ಅಂದ್ರೆ ಸೆನ್ಸರ್ ಸುಮ್ನಿರುತ್ತೆ, ರೇಡಿಯೋ ಆಫ್, ಸ್ಕ್ರೀನ್ ಆಫ್, ಉಳಿಯೋದು ಬ್ಯಾಟರಿ ಮತ್ತು ಸಿಸ್ಟಮ್ ಎರಡೇ. ಏರೋಪ್ಲೇನ್ ಮೋಡ್ ಹಾಕಿದ್ರೂ ಕೆಲವು ವಾಚಲ್ಲಿ ಬ್ಲೂಟೂತ್ ಆನ್ ಇರುತ್ತೆ, ಅದನ್ನ ಬೇರೆಯಾಗಿ ಆಫ್ ಮಾಡಿ. ಬೆಳಿಗ್ಗೆ 75 ಇತ್ತು. ಎಂಟು ಗಂಟೆಗೆ 5 ಪರ್ಸೆಂಟ್ ಅಂದ್ರೆ ಬ್ಯಾಟರಿ ಚೆನ್ನಾಗಿದೆ, ಸಿಸ್ಟಮ್ ಒಳಗೂ ಯಾವುದೂ ಸಿಕ್ಕಾಕ್ಕೊಂಡು ಓಡ್ತಿಲ್ಲ ಅಂತ. ಇದನ್ನ ಹೇಳಿದಾಗ ಅಕ್ಕನಿಗೆ ಅರ್ಧ ಸಮಾಧಾನ ಆಯ್ತು.

ಈ ರಾತ್ರೀಲೇ ನಿಮಗೆ 20, 25 ಪರ್ಸೆಂಟ್ ಹೋಗಿದ್ರೆ ದಾರಿ ಬೇರೆ. ಇಳಿಕೆ ಒಂದೇ ಸಮ ಇದ್ದು ವಾಚ್ ಬೆಚ್ಚಗಿದ್ರೆ ಯಾವುದೋ ಆಪ್ ಅಥವಾ ಸಿಸ್ಟಮ್ಮೇ ನಿದ್ದೆ ಹೋಗ್ತಿಲ್ಲ. ವಾಚ್ ತಣ್ಣಗಿದ್ದು, ಪರ್ಸೆಂಟ್ 60ರಿಂದ ಒಂದೇ ಸಲ 45ಕ್ಕೆ ಹಾರೋದು, 25 ತೋರಿಸ್ತಾ ಇದ್ದಿದ್ದು ತಟ್ಟನೆ ಆಫ್ ಆಗೋದು, ಚಾರ್ಜರ್‌ಗೆ ಇಟ್ಟ ಕೂಡ್ಲೇ 20 ಅಂತ ತೋರ್ಸೋದು, ಈ ಥರ ಆದ್ರೆ ಬ್ಯಾಟರಿ ಸವೆದಿದೆ ಅಂತ ಅನುಮಾನ ಪಡಬಹುದು. ಆ್ಯಪಲ್ ವಾಚ್ ಆಗಿದ್ರೆ ಸೆಟ್ಟಿಂಗ್ಸ್ ಒಳಗೆ ಬ್ಯಾಟರಿ ಹೆಲ್ತ್ ಅಂತ ಇದೆ, ಅಲ್ಲಿ 80 ಪರ್ಸೆಂಟಿಗಿಂತ ಕೆಳಗಿದ್ರೆ ಬ್ಯಾಟರಿ ಬದಲಾಯಿಸೋ ಕಾಲ ಬಂತು ಅಂತ. ಇಂಥ ಮೆನು ಇಲ್ಲದ ವಾಚ್‌ಗಳಿಗೆ ಈ ಟೇಬಲ್ ಮೇಲಿನ ರಾತ್ರಿನೇ ಗತಿ.

ಮೂರನೇ ರಾತ್ರಿ ಮತ್ತೆ ಟೇಬಲ್ ಮೇಲೇ, ಆದ್ರೆ ಏರೋಪ್ಲೇನ್ ಮೋಡ್ ತೆಗೆದು ಫೋನನ್ನ ಪಕ್ಕದಲ್ಲೇ ಇಟ್ವಿ. 80ರಿಂದ 73, ಅಂದ್ರೆ ಕನೆಕ್ಷನ್‌ಗೆ ಖರ್ಚಾಗಿದ್ದು ಬರೀ 2 ಪರ್ಸೆಂಟ್. ಇಲ್ಲಿ ಜಾಸ್ತಿ ಬಂದಿದ್ರೆ ನೋಡ್ಬೇಕಾಗಿದ್ದು ಫೋನಿನ ಕಡೆ. ಬ್ಲೂಟೂತ್ ಕನೆಕ್ಷನ್ ನೆಟ್ಟಗಿದ್ರೆ ತುಂಬಾ ಅಗ್ಗ, ಆದ್ರೆ ಅದು ಪದೇಪದೇ ಕಟ್ ಆಗಿ ಮತ್ತೆ ಸೇರ್ತಿದ್ರೆ ದುಬಾರಿ, ಫೋನ್ ಸಿಗ್ಲಿಲ್ಲ ಅಂತ ವಾಚ್ ವೈಫೈಗೆ ಹಾರುತ್ತೆ, ಸಿಮ್ ಇರೋ ವಾಚ್ ಆದ್ರೆ ಮೊಬೈಲ್ ನೆಟ್‌ವರ್ಕ್‌ಗೆ ಹಾರುತ್ತೆ, ಅಲ್ಲಿ ಸಿಗ್ನಲ್ ವೀಕ್ ಇದ್ರಂತೂ ಬ್ಯಾಟರಿ ಕರಗೋಗುತ್ತೆ. ಅಪ್ಡೇಟ್ ಆದ್ಮೇಲೆ ಇದು ಆಗೋಕೆ ಎರಡು ಸಾಮಾನ್ಯ ಕಾರಣ: ವಾಚ್ ಹೊಸ ವರ್ಷನ್‌ಗೆ ಹೋಗಿದೆ ಆದ್ರೆ ಫೋನಲ್ಲಿರೋ ಅದರ ಆಪ್ ಹಳೇದೇ ಇದೆ, ಇಲ್ಲಾಂದ್ರೆ ಫೋನಿನ ಬ್ಯಾಟರಿ ಸೇವರ್ ಆ ಆಪನ್ನ ಹಿಂದೆ ಓಡೋಕೆ ಬಿಡ್ತಿಲ್ಲ. ಆಪ್ ಅಪ್ಡೇಟ್ ಮಾಡಿ, ಅದನ್ನ ಬ್ಯಾಟರಿ ಸೇವರಿಂದ ಹೊರಗಿಡಿ, ಆಮೇಲೆ ಒಂದು ರಾತ್ರಿ ಮತ್ತೆ ಅಳೆಯಿರಿ.

ಟೇಬಲ್ ಮೇಲೆ 7, ಕೈಯಲ್ಲಿ 38. ಮಧ್ಯದ 31 ಪರ್ಸೆಂಟ್ ಕೈಗೆ ಕಟ್ಟಿದಾಗ ಮಾತ್ರ ಹೋಗ್ತಿದೆ ಅಂದ್ಮೇಲೆ ಅದು ಸ್ಕ್ರೀನು ಇಲ್ಲಾ ಸೆನ್ಸರ್ ಆಗಿರ್ಲೇಬೇಕು. ಆಗ ಕೂತ್ಕೊಂಡು ಸೆಟ್ಟಿಂಗ್ಸ್ ಒಂದೊಂದೇ ಮೆನು ತೆಗೆದು ನೋಡಿದ್ವಿ, ಮೂರು ಬದಲಾವಣೆ ಸಿಕ್ತು. ಆಲ್ವೇಸ್ ಆನ್ ಡಿಸ್ಪ್ಲೇ ಆನ್ ಆಗಿತ್ತು, ಅಕ್ಕ ಯಾವತ್ತೂ ಅದನ್ನ ಹಾಕಿದವಳಲ್ಲ. ಹಾರ್ಟ್ ರೇಟ್ ಮೊದಲು 10 ನಿಮಿಷಕ್ಕೊಂದ್ಸಲ ಅಂತ ಇದ್ದಿದ್ದು ಕಂಟಿನ್ಯುಯಸ್ ಆಗಿತ್ತು. ನಿದ್ದೇಲಿ ರಕ್ತದ ಆಕ್ಸಿಜನ್ ಅಳೆಯೋದು, ಅಂದ್ರೆ ಎಸ್‌ಪಿಓ2, ಅದೂ ಆನ್ ಆಗಿತ್ತು. ಅಪ್ಡೇಟ್ ಆದಾಗ ಹೊಸ ಫೀಚರ್‌ಗಳ ಬಗ್ಗೆ ಒಂದರ ಹಿಂದೆ ಒಂದು ಸ್ಕ್ರೀನ್ ಬರುತ್ತಲ್ಲ, ಅಕ್ಕ ಎಲ್ಲದಕ್ಕೂ ಓಕೆ ಒತ್ತಿದ್ದಳಂತೆ. ನಮ್ಮಲ್ಲಿ ಹೆಚ್ಚಿನವರು ಮಾಡೋದು ಅದನ್ನೇ, ಒಂದು ಓಕೆಯಿಂದ ಗಂಟೆಗೆ ಎಷ್ಟು ಪರ್ಸೆಂಟ್ ಹೋಗುತ್ತೆ ಅಂತ ಆ ಸ್ಕ್ರೀನಲ್ಲಿ ಬರೆದಿರಲ್ಲ, ಬರೀಬೇಕಿತ್ತು ಅಂತ ನನಗೆ ಬಲವಾಗಿ ಅನ್ಸುತ್ತೆ.

ನಾಲ್ಕನೇ ರಾತ್ರಿ ಕೈಗೆ ಕಟ್ಕೊಂಡು ಮಲಗಿದ್ಲು, ಆದ್ರೆ ಸ್ಲೀಪ್ ಮೋಡ್ ಹಾಕಿ ಸ್ಕ್ರೀನ್ ತಾನಾಗೇ ಎದ್ದೇಳದ ಹಾಗೆ ಮಾಡಿ, ಎಸ್‌ಪಿಓ2ನೂ ಆಫ್ ಮಾಡಿ. ಒಂದು ರಾತ್ರಿಗೆ ಒಂದೇ ಬದಲಾವಣೆ ಅಂತ ನಾನೇ ಹೇಳಿದ್ದೆ, ಇಲ್ಲಿ ಎರಡು ಒಟ್ಟಿಗೆ ಮಾಡಿದ್ದು ಯಾಕಂದ್ರೆ ಮಾರನೇ ರಾತ್ರಿ ಒಂದನ್ನ ವಾಪಸ್ ಹಾಕಿ ಬೇರೆ ಮಾಡೋ ಪ್ಲಾನ್ ಇತ್ತು. ಬೆಳಿಗ್ಗೆ 66, ಅಂದ್ರೆ 14 ಹೋಗಿತ್ತು. ಐದನೇ ರಾತ್ರಿ ಎಸ್‌ಪಿಓ2 ಮಾತ್ರ ವಾಪಸ್ ಆನ್ ಮಾಡಿದ್ವಿ, ಬೆಳಿಗ್ಗೆ 53, ಅಂದ್ರೆ 27 ಹೋಗಿತ್ತು. ಈಗ ಲೆಕ್ಕ ಬಿಡಿಸ್ಕೊಳ್ತು. ಎಸ್‌ಪಿಓ2 ಒಂದೇ ರಾತ್ರಿಗೆ 13 ಪರ್ಸೆಂಟ್ ತಿಂತಿತ್ತು. ಮೊದಲನೇ ರಾತ್ರಿಯ 38ಕ್ಕೂ ಈ 27ಕ್ಕೂ ಇರೋ 11, ರಾತ್ರಿ ಇಡೀ ಉರಿದ ಸ್ಕ್ರೀನಿಂದು.

ಎಸ್‌ಪಿಓ2 ಇಷ್ಟು ದುಬಾರಿ ಯಾಕೆ ಅಂತ ತಿಳ್ಕೊಂಡ್ರೆ ಸೆಟ್ಟಿಂಗ್ ಬದಲಾಯಿಸೋಕೆ ಧೈರ್ಯ ಬರುತ್ತೆ. ವಾಚ್ ಹಿಂದೆ ಹಸಿರು ದೀಪ ಮಿನುಗುತ್ತಲ್ಲ, ಅದು ಹಾರ್ಟ್ ರೇಟ್‌ಗೆ. ರಕ್ತ ಹಸಿರು ಬೆಳಕನ್ನ ಚೆನ್ನಾಗಿ ಹೀರ್ಕೊಳ್ಳುತ್ತೆ, ಪ್ರತಿ ಬಡಿತಕ್ಕೂ ಚರ್ಮದ ಕೆಳಗೆ ರಕ್ತ ಹೆಚ್ಚುಕಮ್ಮಿ ಆಗೋದ್ರಿಂದ ವಾಪಸ್ ಬರೋ ಬೆಳಕೂ ಏರಿಳಿಯುತ್ತೆ, ಪಕ್ಕದಲ್ಲಿರೋ ಬೆಳಕಿನ ಸೆನ್ಸರ್ ಅದನ್ನ ಎಣಿಸುತ್ತೆ. ಆಕ್ಸಿಜನ್ ಅಳೆಯೋಕೆ ಬೇರೆ ದೀಪ ಬೇಕು, ಕೆಂಪು ಮತ್ತು ಕಣ್ಣಿಗೆ ಕಾಣದ ಇನ್ಫ್ರಾರೆಡ್. ಆಕ್ಸಿಜನ್ ತುಂಬಿರೋ ರಕ್ತ ಮತ್ತು ಇಲ್ಲದ ರಕ್ತ ಈ ಎರಡು ಬೆಳಕನ್ನ ಬೇರೆಬೇರೆ ಪ್ರಮಾಣದಲ್ಲಿ ಹೀರ್ಕೊಳ್ಳೋದ್ರಿಂದ ಎರಡರ ಅನುಪಾತ ನೋಡಿ ಪರ್ಸೆಂಟ್ ಅಂದಾಜು ಮಾಡುತ್ತೆ. ಆದ್ರೆ ಮಣಿಕಟ್ಟಿಂದ ವಾಪಸ್ ಬರೋ ಸಿಗ್ನಲ್ ತುಂಬಾ ಸಣ್ಣದು, ಬೆರಳ ತುದಿಯಷ್ಟು ಚೆನ್ನಾಗಿ ಸಿಗಲ್ಲ, ಅದಕ್ಕೆ ದೀಪ ಜೋರಾಗಿ ಉರೀಬೇಕು, ಕೈ ಅಲ್ಲಾಡದೇ ಇರ್ಬೇಕು, ಅಲ್ಲಾಡಿದ್ರೆ ಆ ರೀಡಿಂಗ್ ಬಿಟ್ಟು ಮತ್ತೆ ಪ್ರಯತ್ನ ಮಾಡುತ್ತೆ.

ಇಲ್ಲೇ ಅಕ್ಕನ ವಾಚಿನ ಇನ್ನೊಂದು ಗುಟ್ಟು ಸಿಕ್ಕಿದ್ದು. ಮಲಗೋವಾಗ ಬಿಗಿ ಆಗುತ್ತೆ ಅಂತ ಬೆಲ್ಟನ್ನ ಎರಡು ತೂತು ಸಡಿಲ ಮಾಡ್ಕೊಳ್ತಿದ್ಲು. ಬೆಲ್ಟ್ ಸಡಿಲ ಆದ್ರೆ ವಾಚ್ ಹಿಂಭಾಗಕ್ಕೂ ಚರ್ಮಕ್ಕೂ ನಡುವೆ ಗ್ಯಾಪ್ ಬರುತ್ತೆ, ಹೊರಗಿನ ಬೆಳಕು ನುಗ್ಗುತ್ತೆ, ಸಿಗ್ನಲ್ ಸರಿ ಸಿಗ್ಲಿಲ್ಲ ಅಂತ ವಾಚ್ ದೀಪದ ಪವರ್ ಏರಿಸುತ್ತೆ, ಮತ್ತೆ ಮತ್ತೆ ಟ್ರೈ ಮಾಡುತ್ತೆ. ಮಾರನೇ ರಾತ್ರಿ ಒಂದು ತೂತು ಬಿಗಿ ಮಾಡಿ, ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಷ್ಟು ಮೇಲಕ್ಕೆ ಕಟ್ಕೊಂಡು, ಎಸ್‌ಪಿಓ2 ಆನ್ ಇಟ್ಕೊಂಡೇ ಮಲಗಿದಾಗ ಖರ್ಚು 27ರಿಂದ 22ಕ್ಕೆ ಇಳೀತು. ಸೆಟ್ಟಿಂಗ್ ಏನೂ ಮುಟ್ಟದೇ ಬರೀ ಬೆಲ್ಟಿಂದ 5 ಪರ್ಸೆಂಟ್. ಒಂದೇ ರಾತ್ರಿಯ ನಂಬರ್ ಇದು, ಹಾಗಾಗಿ ನಿಮ್ಮಲ್ಲಿ ಇಷ್ಟೇ ಬರುತ್ತೆ ಅಂತ ಹೇಳಲ್ಲ, ಆದ್ರೆ ಚೆಕ್ ಮಾಡೋಕೆ ಇದಕ್ಕಿಂತ ಸುಲಭವಾದ್ದು ಇನ್ನೊಂದಿಲ್ಲ. ವಾಚ್ ಹಿಂದಿನ ಗಾಜಿನ ಮೇಲೆ ಬೆವರು, ಕ್ರೀಮ್ ಅಂಟಿದ್ರೂ ಸಿಗ್ನಲ್ ಕೆಡುತ್ತೆ, ಒದ್ದೆ ಬಟ್ಟೇಲಿ ಒರೆಸಿ.

ಹಾಗಾದ್ರೆ ಎಸ್‌ಪಿಓ2 ಆಫ್ ಮಾಡ್ಬಹುದಾ? ಅಕ್ಕ ಆ ನಂಬರನ್ನ ಯಾವತ್ತೂ ನೋಡಿರ್ಲೇ ಇಲ್ಲ, ಆಫ್ ಮಾಡಿದ್ವಿ. ಬೇಕು ಅನ್ಸಿದಾಗ ಕೈಯಾರೆ ಒಂದ್ಸಲ ಅಳೆಯೋ ಆಪ್ಷನ್ ತುಂಬಾ ವಾಚಲ್ಲಿ ಇರುತ್ತೆ, ಅದಕ್ಕೆ ಹೆಚ್ಚೇನೂ ಖರ್ಚಾಗಲ್ಲ. ನಿದ್ದೇಲಿ ಉಸಿರಾಟದ ತೊಂದರೆ ಇದೆ ಅಂತ ಡಾಕ್ಟರ್ ಗಮನಿಸೋಕೆ ಹೇಳಿದ್ರೆ ಬ್ಯಾಟರಿ ಆಸೆಗೆ ಆಫ್ ಮಾಡ್ಬೇಡಿ, ಬದಲು ಮಲಗೋ ಮುಂಚೆ ಅರ್ಧ ಗಂಟೆ ಚಾರ್ಜ್ ಹಾಕೋ ಅಭ್ಯಾಸ ಮಾಡ್ಕೊಳ್ಳಿ. ಹಾಗೇ ಬಿದ್ದಾಗ ಮನೆಯವರಿಗೆ ತಿಳಿಸೋ ಫಾಲ್ ಡಿಟೆಕ್ಷನ್ ಇದ್ರೆ ಅದನ್ನೂ ಆಫ್ ಮಾಡೋಕೆ ಹೋಗ್ಬೇಡಿ, ವಯಸ್ಸಾದವರ ವಾಚಲ್ಲಂತೂ ಬೇಡವೇ ಬೇಡ.

ಹೆಜ್ಜೆ ಎಣಿಸೋದನ್ನ ಆಫ್ ಮಾಡಿದ್ರೆ ಬ್ಯಾಟರಿ ಉಳಿಯುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಅದು ತಪ್ಪು. ಹೆಜ್ಜೆ ಎಣಿಸೋ ಆಕ್ಸಿಲರೋಮೀಟರ್ ಮೈಕ್ರೋಆಂಪ್ ಲೆಕ್ಕದಲ್ಲಿ ಓಡುತ್ತೆ, ಅಂದ್ರೆ ಒಂದು ಮಿಲಿಆಂಪಿನ ಸಣ್ಣ ಭಾಗ, ಅದರಿಂದ ಉಳಿಯೋದು ಏನೂ ಇಲ್ಲ. ಜಿಪಿಎಸ್ ಅದಕ್ಕೆ ಪೂರ್ತಿ ಉಲ್ಟಾ, ಆನ್ ಇದ್ದಷ್ಟು ಹೊತ್ತು ಹತ್ತಾರು ಮಿಲಿಆಂಪ್ ಎಳೆಯುತ್ತೆ. ವ್ಯಾಯಾಮ ಮಾಡುವಾಗ ಅದು ಬೇಕೇ ಬೇಕು, ಸಮಸ್ಯೆ ಇರೋದು ಯಾವುದೋ ಹವಾಮಾನ ಆಪೋ ವಾಚ್ ಫೇಸೋ ಅಪ್ಡೇಟ್ ಆದ್ಮೇಲೆ ಯಾವಾಗ್ಲೂ ಲೊಕೇಶನ್ ಕೇಳ್ತಾ ಕೂತಾಗ. ಪರ್ಮಿಷನ್ ಪಟ್ಟಿ ತೆಗೆದು ಲೊಕೇಶನ್ ಯಾರ್ಯಾರಿಗೆ ಕೊಟ್ಟಿದೀರಿ ನೋಡಿ, ಬಳಸುವಾಗ ಮಾತ್ರ ಅಂತ ಮಾಡಿ.

ಹಗಲಿನ ಖರ್ಚಿಗೆ ಅಕ್ಕನ ವಾಚಲ್ಲಿ ಎರಡೇ ಬದಲಾವಣೆ ಸಾಕಾಯ್ತು, ಆಲ್ವೇಸ್ ಆನ್ ಡಿಸ್ಪ್ಲೇ ಆಫ್, ಹಾರ್ಟ್ ರೇಟ್ ವಾಪಸ್ 10 ನಿಮಿಷಕ್ಕೊಂದ್ಸಲ. ಆಲ್ವೇಸ್ ಆನ್ ಬೇಕೇ ಬೇಕು ಅನ್ನೋರು ವಾಚ್ ಫೇಸ್ ಬದಲಾಯಿಸಿ ನೋಡಿ. ಓಲೆಡ್ ಸ್ಕ್ರೀನಲ್ಲಿ ಕಪ್ಪು ಜಾಗಕ್ಕೆ ಬೆಳಕೇ ಬೇಡ, ಹಾಗಾಗಿ ಕಪ್ಪು ಹಿನ್ನೆಲೆಯ ಸರಳ ಫೇಸಿಗೂ, ಬಣ್ಣ ತುಂಬಿದ, ಸೆಕೆಂಡ್ ಮುಳ್ಳು ಓಡೋ ಫೇಸಿಗೂ ಖರ್ಚಲ್ಲಿ ತುಂಬಾ ವ್ಯತ್ಯಾಸ. ಹೊರಗಿನವರು ಮಾಡಿದ ಫೇಸ್ ಹಾಕಿದ್ರೆ ಅಪ್ಡೇಟ್ ಆದ್ಮೇಲೆ ಎರಡು ದಿನ ವಾಚಿನ ಜೊತೆ ಬಂದ ಫೇಸಿಗೆ ಬದಲಾಯಿಸಿ ಅಳೆಯಿರಿ, ಹಳೇ ಫೇಸ್ ಹೊಸ ಸಿಸ್ಟಮ್ ಜೊತೆ ಹೊಂದ್ಕೊಳ್ಳದೇ ಪ್ರೊಸೆಸರನ್ನ ಎಬ್ಬಿಸ್ತಾ ಇರೋ ಸಾಧ್ಯತೆ ಇದೆ.

ಟೇಬಲ್ ಮೇಲಿನ ರಾತ್ರೀಲೇ ಜಾಸ್ತಿ ಹೋಗ್ತಿದೆ, ಯಾವ ಆಪ್ ಅಂತ ಸೆಟ್ಟಿಂಗ್ಸ್‌ನ ಬ್ಯಾಟರಿ ಪಟ್ಟೀಲಿ ಗೊತ್ತಾಗ್ತಿಲ್ಲ ಅನ್ನೋರಿಗೆ ಗೂಗಲ್‌ನ ವೇರ್ ಓಎಸ್ ಸಿಸ್ಟಮ್ ಇರೋ ವಾಚಲ್ಲಿ ಇನ್ನೊಂದು ದಾರಿ ಇದೆ. ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದ್ರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತೆ, ಅಲ್ಲಿ ವೈರ್‌ಲೆಸ್ ಡೀಬಗಿಂಗ್ ಆನ್ ಮಾಡಿ, adb ಅನ್ನೋ ಟೂಲ್ ಇರೋ ಕಂಪ್ಯೂಟರ್‌ಗೆ ಪೇರ್ ಮಾಡಿ, ಮಲಗೋ ಮುಂಚೆ ಆ ಕಂಪ್ಯೂಟರಲ್ಲಿ ಮೊದಲನೇ ಕಮಾಂಡು ಕೊಡಿ, ಬೆಳಿಗ್ಗೆ ಎರಡನೇದು.

```
adb shell dumpsys batterystats --reset
adb shell dumpsys batterystats > battery.txt
```

ಆ ಫೈಲಲ್ಲಿ `Estimated power use` ಅಂತ ಹುಡುಕಿ, ಅದರ ಕೆಳಗೆ ಯಾರು ಎಷ್ಟು ಎಂಎಎಚ್ ತಿಂದಿದ್ದಾರೆ ಅಂತ ಪಟ್ಟಿ ಇರುತ್ತೆ. ಆದ್ರೆ ರೀಸೆಟ್ ಕೊಟ್ಟ ಕೂಡ್ಲೇ ವೈರ್‌ಲೆಸ್ ಡೀಬಗಿಂಗ್ ಆಫ್ ಮಾಡಿ, ಬೆಳಿಗ್ಗೆ ಮತ್ತೆ ಆನ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಅದಕ್ಕೋಸ್ಕರ ವೈಫೈ ರಾತ್ರಿ ಇಡೀ ಎಚ್ಚರ ಇದ್ದು ಅದೇ ದೊಡ್ಡ ಖರ್ಚಾಗಿ ಕಾಣ್ಸುತ್ತೆ. ಅನುಮಾನ ಬಂದ ಆಪನ್ನ ತೆಗೆದು ಒಂದು ರಾತ್ರಿ ನೋಡಿ.

ಫ್ಯಾಕ್ಟರಿ ರೀಸೆಟ್ ಎಲ್ಲಕ್ಕಿಂತ ಕೊನೆಗೆ. ರೀಸೆಟ್ ಮಾಡಿದ್ರೆ ಹಳೇ ಸಾಫ್ಟ್‌ವೇರ್ ವಾಪಸ್ ಬರಲ್ಲ, ಹೊಸದೇ ಖಾಲಿಯಾಗಿ ಶುರು ಆಗುತ್ತೆ ಅಷ್ಟೇ, ಹೆಚ್ಚಿನ ವಾಚ್‌ಗಳಲ್ಲಿ ಹಳೇ ವರ್ಷನ್‌ಗೆ ಹೋಗೋಕೆ ಬಳಸೋರಿಗೆ ದಾರಿನೇ ಕೊಟ್ಟಿರಲ್ಲ. ಮಾಡೋದಾದ್ರೆ ಮೊದಲು ಹೆಲ್ತ್ ಡೇಟಾ ಫೋನಿಗೆ ಸಿಂಕ್ ಆಗಿದ್ಯಾ ನೋಡ್ಕೊಂಡು, ಆಮೇಲೆ ಬ್ಯಾಕಪ್ಪಿಂದ ರಿಸ್ಟೋರ್ ಮಾಡದೇ ಹೊಸ ವಾಚ್ ಅನ್ನೋ ಥರ ಸೆಟಪ್ ಮಾಡಿ, ಬ್ಯಾಕಪ್ ಹಾಕಿದ್ರೆ ಯಾವ ಸೆಟ್ಟಿಂಗಿಂದ ತೊಂದರೆ ಆಗಿತ್ತೋ ಅದೂ ಜೊತೇಲಿ ವಾಪಸ್ ಬಂದ್ಬಿಡಬಹುದು. ಅಕ್ಕನಿಗೆ ಅಲ್ಲಿವರೆಗೂ ಹೋಗೋ ಅಗತ್ಯ ಬೀಳ್ಲಿಲ್ಲ.

ಈಗ ಅವಳ ವಾಚ್ ಗಂಟೆಗೆ 2.6 ಪರ್ಸೆಂಟ್ ಇಳೀತಿದೆ, 38 ಗಂಟೆ ಬರ್ತಿದೆ. ಮುಂದಿನ ಅಪ್ಡೇಟ್ ಬಂದಾಗ ಇಷ್ಟು ಹುಡುಕಾಟ ಬೇಡ ಅಂತ ಡಿಸ್ಪ್ಲೇ, ಹೆಲ್ತ್, ಕನೆಕ್ಷನ್ ಮೂರು ಮೆನುವಿನ ಸ್ಕ್ರೀನನ್ನ ಫೋನಲ್ಲಿ ಫೋಟೋ ಹೊಡೆದು ಇಟ್ಕೊಂಡಿದ್ದಾಳೆ, ಜೊತೆಗೆ ಒಂದು ಸಾಮಾನ್ಯ ರಾತ್ರಿಯ ನಂಬರೂ ಬರ್ಕೊಂಡಿದ್ದಾಳೆ: 11ಕ್ಕೆ 80, 7ಕ್ಕೆ 66.